ತೆರಿಗೆ 10,500 ರೂಪಾಯಿ, ತೆರಿಗೆ 687 ರೂಪಾಯಿ: ಫಂಡ್ ಮಾತ್ರ ಒಂದೇ

ಇಬ್ಬರು ಒಂದೇ ಡೆಟ್ ಫಂಡಿನಲ್ಲಿ ಒಂದೇ ದಿನ ತಲಾ 5 ಲಕ್ಷ ರೂಪಾಯಿ ಹಾಕಿದರು ಎಂದಿಟ್ಟುಕೊಳ್ಳಿ. ಯೂನಿಟ್ಟಿನ ಬೆಲೆ, ಅಂದರೆ ಎನ್‌ಎವಿ, 100 ರೂಪಾಯಿ. ಇಬ್ಬರಿಗೂ 5,000 ಯೂನಿಟ್ ಬಂತು. ಇಬ್ಬರೂ ಶೇ 30ರ ಸ್ಲ್ಯಾಬಿನವರು. ವರ್ಷ ಕಳೆಯುವಾಗ ಎನ್‌ಎವಿ 107 ಆಯಿತು, ಇಬ್ಬರ ಕೈಗೂ 35,000 ರೂಪಾಯಿ ಬಂತು. ಆದರೆ ಸೆಸ್ ಬಿಟ್ಟು ಲೆಕ್ಕ ಹಾಕಿದರೆ ಒಬ್ಬರ ತೆರಿಗೆ 10,500 ರೂಪಾಯಿ, ಇನ್ನೊಬ್ಬರದು 687.

ಮೊದಲನೆಯವರು ಆರಿಸಿಕೊಂಡದ್ದು ಡಿವಿಡೆಂಡ್ ಆಯ್ಕೆ. ಫಂಡ್ ಪ್ರತಿ ಯೂನಿಟ್ಟಿಗೆ 7 ರೂಪಾಯಿ ಹಂಚಿತು, ಎನ್‌ಎವಿ ಅಷ್ಟೇ ಇಳಿದು ಮತ್ತೆ 100ಕ್ಕೆ ಬಂತು. ಹಂಚಿದ ಹಣವೆಲ್ಲ ಆ ವರ್ಷದ ಆದಾಯವೆಂದು ಸ್ಲ್ಯಾಬಿಗೆ ಸೇರಿತು. ಎರಡನೆಯವರದು ಗ್ರೋತ್ ಆಯ್ಕೆ. ಅವರು ಸುಮಾರು 327 ಯೂನಿಟ್ ಮಾರಿ 35,000 ತೆಗೆದರು. ಮಾರಿದ ಪ್ರತಿ 107 ರೂಪಾಯಿಯಲ್ಲಿ 100 ಅವರದೇ ಅಸಲು, 7 ಮಾತ್ರ ಲಾಭ. ಹಾಗಾಗಿ ತೆರಿಗೆ ಬಿದ್ದದ್ದು 2,290 ರೂಪಾಯಿಯ ಮೇಲಷ್ಟೇ.

ಉಳಿದ ಲಾಭ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಅವರ ಬಳಿ ಇರುವ 5 ಲಕ್ಷ ಮೌಲ್ಯದ ಯೂನಿಟ್‌ಗಳ ಅಸಲು ಈಗ 4,67,290 ರೂಪಾಯಿ. ಒಳಗೆ 32,710 ರೂಪಾಯಿ ಲಾಭ ತೆರಿಗೆಯಾಗದೆ ಕೂತಿದೆ. ಮಾರಿದ ದಿನ ಅದಕ್ಕೂ ತೆರಿಗೆ ಕಟ್ಟಲೇಬೇಕು. ಡೆಟ್ ಫಂಡಿನಲ್ಲಿ ಗ್ರೋತ್ ಆಯ್ಕೆಯಿಂದ ದರ ಕಡಿಮೆಯಾಗುವುದಿಲ್ಲ, ಕಟ್ಟುವ ದಿನ ಮುಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಆ ಹಣವೂ ಬೆಳೆಯುತ್ತದೆ. ಈ ಗಳಿಕೆಯನ್ನು ದೊಡ್ಡದು ಮಾಡಿ ಹೇಳಬಾರದು: 5 ಲಕ್ಷಕ್ಕೆ ಶೇ 7ರಂತೆ ಐದು ವರ್ಷ ಲೆಕ್ಕ ಹಾಕಿದರೆ, ವರ್ಷವರ್ಷ ತೆರಿಗೆ ಕಟ್ಟಿ ಮರುಹೂಡಿಕೆ ಮಾಡಿದವರಿಗಿಂತ ಕೊನೆಗೆ ಒಮ್ಮೆ ಕಟ್ಟಿದವರಿಗೆ ಸಿಗುವುದು ಸುಮಾರು 5,800 ರೂಪಾಯಿ ಹೆಚ್ಚು. ನಿಜವಾದ ಲಾಭ ಇರುವುದು ನಿವೃತ್ತಿಗೆ ಹತ್ತಿರವಿರುವವರಿಗೆ. ಸಂಬಳ ನಿಂತ ಮೇಲೆ ಸ್ಲ್ಯಾಬ್ ಇಳಿದಿರುತ್ತದೆ. ಆಗ ಮಾರಿದರೆ ಅದೇ ಲಾಭಕ್ಕೆ ಕಡಿಮೆ ದರ ಬೀಳುತ್ತದೆ.

ಈಕ್ವಿಟಿ ಫಂಡಿನಲ್ಲಿ ಕಥೆ ಬೇರೆ. ಅಲ್ಲಿ ಒಂದು ವರ್ಷ ದಾಟಿದ ಮೇಲೆ ಮಾರಿದರೆ ಲಾಭಕ್ಕೆ ಶೇ 12.5, ಅದೂ ವರ್ಷದಲ್ಲಿ ಷೇರು ಮತ್ತು ಈಕ್ವಿಟಿ ಫಂಡ್‌ಗಳ ಇಂಥ ಲಾಭವೆಲ್ಲ ಸೇರಿ 1.25 ಲಕ್ಷ ದಾಟಿದ ಭಾಗಕ್ಕೆ ಮಾತ್ರ. ವರ್ಷದೊಳಗೆ ಮಾರಿದರೆ ಶೇ 20. ಇವು 2024ರ ಜುಲೈ 23ರಿಂದ ಬಂದ ದರಗಳು. ಅದೇ ಫಂಡಿನ ಡಿವಿಡೆಂಡಿಗೆ ಈ ರಿಯಾಯಿತಿ ಯಾವುದೂ ಇಲ್ಲ, ನೇರ ಸ್ಲ್ಯಾಬ್ ದರ. ಇಲ್ಲಿ ಡಿವಿಡೆಂಡ್ ಆರಿಸಿಕೊಂಡವರು ಕಾಲವನ್ನಷ್ಟೇ ಅಲ್ಲ, ದರವನ್ನೂ ಕಳೆದುಕೊಳ್ಳುತ್ತಾರೆ.

ಡೆಟ್ ಮತ್ತು ಈಕ್ವಿಟಿ ಫಂಡ್‌ಗಳ ನಡುವೆ ಈ ಭೇದ ಯಾಕೆ? ಕಂಪನಿಯ ಲೆಕ್ಕದ ಪುಸ್ತಕ ನೋಡಿದರೆ ಅರ್ಥವಾಗುತ್ತದೆ. ಸಾಲಕ್ಕೆ ಕೊಡುವ ಬಡ್ಡಿಯನ್ನು ಕಂಪನಿ ಖರ್ಚೆಂದು ಕಳೆದುಬಿಡುತ್ತದೆ, ಅದರ ಮೇಲೆ ಕಂಪನಿ ತೆರಿಗೆ ಕಟ್ಟುವುದಿಲ್ಲ. ಷೇರುದಾರನ ಪಾಲು ಉಳಿಯುವುದು ಕಂಪನಿ ತನ್ನ ತೆರಿಗೆ ಕಟ್ಟಿದ ಮೇಲೆ. ಒಮ್ಮೆ ತೆರಿಗೆಯಾದ ಹಣಕ್ಕೆ ಎರಡನೆಯ ಸಲ ಹಗುರ ದರ ಇರಲಿ ಎಂಬ ವಾದಕ್ಕೆ ಇಲ್ಲಿ ಬಲವಿದೆ. ಡೆಟ್ ಫಂಡ್ ಗಳಿಸುವುದು ಮುಖ್ಯವಾಗಿ ಬಡ್ಡಿಯನ್ನೇ. ಬ್ಯಾಂಕಿನ ಠೇವಣಿಗೆ ಸ್ಲ್ಯಾಬ್ ದರ ಇರುವಾಗ ಇದಕ್ಕೇಕೆ ಬೇರೆ ಎಂಬ ಪ್ರಶ್ನೆ ಏಳುತ್ತದೆ. ಹಿಂದೆ ಮೂರು ವರ್ಷ ಇಟ್ಟರೆ ಹಣದುಬ್ಬರ ಕಳೆದು ಶೇ 20 ಕಟ್ಟಬಹುದಿತ್ತು. 2023ರ ಏಪ್ರಿಲ್ 1ರಿಂದ ಕೊಂಡ ಯೂನಿಟ್‌ಗಳಿಗೆ ಅದು ಹೋಯಿತು. ಎಷ್ಟು ವರ್ಷ ಇಟ್ಟರೂ ಸ್ಲ್ಯಾಬೇ.

ಆದರೆ ಕಾನೂನು ನೋಡುವುದು ಫಂಡಿನ ಗುಣವನ್ನಲ್ಲ, ಅದು ಏನನ್ನು ಎಷ್ಟು ಇಟ್ಟುಕೊಂಡಿದೆ ಎಂಬುದನ್ನು. ದೇಶದ ಕಂಪನಿಗಳ ಷೇರು ಕನಿಷ್ಠ ಶೇ 65 ಇದ್ದರೆ ಅದು ಈಕ್ವಿಟಿ. ಆರ್ಬಿಟ್ರೇಜ್ ಫಂಡ್ ಷೇರು ಕೊಂಡು, ಅದೇ ಷೇರಿನ ಫ್ಯೂಚರ್ಸ್ ಮಾರಿ, ನಡುವಿನ ವ್ಯತ್ಯಾಸ ಗಳಿಸುತ್ತದೆ. ಪ್ರತಿಫಲ ಅಲ್ಪಾವಧಿ ಬಡ್ಡಿಯಂತೆಯೇ ಇರುತ್ತದೆ, ತೆರಿಗೆ ಮಾತ್ರ ಈಕ್ವಿಟಿಯದು. ಅತ್ತ ಅಮೆರಿಕದ ಷೇರುಗಳನ್ನೇ ತುಂಬಿಕೊಂಡ ಫಂಡಿಗೆ ಈಕ್ವಿಟಿ ರಿಯಾಯಿತಿ ಸಿಗುವುದಿಲ್ಲ. ಮೇಲೆ ಹೇಳಿದ ತರ್ಕ ಈ ಗಡಿಯಲ್ಲಿ ಸವೆಯುತ್ತದೆ ಎಂಬುದನ್ನು ಒಪ್ಪಬೇಕು.

ಹಿರಿಯರಲ್ಲಿ ಅನೇಕರು ಇನ್ನೂ ಡಿವಿಡೆಂಡ್ ಆಯ್ಕೆಯಲ್ಲೇ ಇದ್ದಾರೆ. 2020ರ ಮಾರ್ಚ್‌ವರೆಗೆ ಹಂಚಿಕೆಯ ತೆರಿಗೆಯನ್ನು ಫಂಡೇ ಕಟ್ಟುತ್ತಿದ್ದುದರಿಂದ, ಕೈಗೆ ಬಂದ ಹಣಕ್ಕೆ ಅವರು ಮತ್ತೆ ಕಟ್ಟಬೇಕಿರಲಿಲ್ಲ. 2021ರಿಂದ ಸ್ಟೇಟ್‌ಮೆಂಟಿನಲ್ಲಿ ಈ ಆಯ್ಕೆಗೆ ಐಡಿಸಿಡಬ್ಲ್ಯು ಎಂಬ ಹೆಸರಿದೆ. ಅದನ್ನು ಕಂಡು ಗ್ರೋತ್‌ಗೆ ಬದಲಾಯಿಸಲು ಹೊರಡುವ ಮುನ್ನ ಒಂದು ಲೆಕ್ಕ ಮಾಡಿಕೊಳ್ಳಬೇಕು: ಒಂದೇ ಫಂಡಿನೊಳಗಿನ ಬದಲಾವಣೆಯಾದರೂ ತೆರಿಗೆಯ ದೃಷ್ಟಿಯಲ್ಲಿ ಅದು ಮಾರಿ ಮತ್ತೆ ಕೊಂಡಂತೆ, ಅಂದಿನವರೆಗಿನ ಲಾಭಕ್ಕೆ ತೆರಿಗೆ ಆ ವರ್ಷವೇ ಬೀಳುತ್ತದೆ.