ಬೆಣ್ಣೆಯ ಕೇಕಿಗೆ ತುಪ್ಪ ಹಾಕುವ ಲೆಕ್ಕ

ಬೆಣ್ಣೆ ಕಾಯಿಸುವಾಗ ಕೇಳುವ ಚಟಪಟ ಸದ್ದು ಅದರೊಳಗಿನ ನೀರಿನದು. ನೀರು ಆರಿದ ಮೇಲೆ ಸದ್ದು ಅಡಗುತ್ತದೆ, ತುಪ್ಪ ಆಯಿತೆಂದು ಒಲೆ ಆರಿಸುತ್ತೇವೆ. ಕೇಕಿನ ಲೆಕ್ಕವೆಲ್ಲ ಈ ನೀರಿನಲ್ಲೇ ಇದೆ. ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಕೊಬ್ಬು, 16 ಪಾಲು ನೀರು. ಉಳಿದದ್ದು ಹಾಲಿನ ಅಂಶ, ಉಪ್ಪು. ತುಪ್ಪವೂ ಎಣ್ಣೆಯೂ ಹೆಚ್ಚುಕಡಿಮೆ ಬರೀ ಕೊಬ್ಬು.

ಹಾಗಾಗಿ 200 ಗ್ರಾಂ ಬೆಣ್ಣೆ ಬೇಡುವ ಕೇಕಿಗೆ 200 ಗ್ರಾಂ ತುಪ್ಪ ಸುರಿದರೆ 40 ಗ್ರಾಂ ಜಿಡ್ಡು ಹೆಚ್ಚಾಗಿ, ನೀರು ಕಾಣೆಯಾಗುತ್ತದೆ. ಕೇಕು ಭಾರವಾಗುತ್ತದೆ, ತಳದ ಕಾಗದ ಜಿಡ್ಡಿನಿಂದ ತೊಯ್ದಿರುತ್ತದೆ. ಸರಿಯಾದ ಅಳತೆ 160 ಗ್ರಾಂ ತುಪ್ಪ ಮತ್ತು ಎರಡು ದೊಡ್ಡ ಚಮಚ ಹಾಲು. ಹಾಲೇ ಏಕೆಂದರೆ ತುಪ್ಪ ಸೋಸುವಾಗ ಗಸಿಯಾಗಿ ಹೋದ ಹಾಲಿನ ಅಂಶ ಅಷ್ಟಿಷ್ಟಾದರೂ ವಾಪಸು ಬರುತ್ತದೆ. ಎಣ್ಣೆಯಾದರೂ 160 ಗ್ರಾಮೇ. ಅಳತೆ ಲೋಟದಲ್ಲಿ ಸುಮಾರು 175 ಮಿಲಿ. ಪಾಕವಿಧಾನ ಉಪ್ಪಿನ ಬೆಣ್ಣೆಯದಾಗಿದ್ದರೆ ಒಂದು ಚಿಟಿಕೆ ಉಪ್ಪನ್ನೂ ಮರೆಯಬಾರದು.

ತೂಕ ಸರಿಹೋದರೂ ಗಾಳಿಯ ಪ್ರಶ್ನೆ ಉಳಿಯುತ್ತದೆ. ಮೆತ್ತಗಿನ ಬೆಣ್ಣೆಯನ್ನು ಸಕ್ಕರೆಯೊಡನೆ ನಾದುವಾಗ ಸಕ್ಕರೆಯ ಹರಳುಗಳು ಅದರೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ತುಂಬುತ್ತವೆ. ಒಲೆಯಲ್ಲಿ ಹಿಗ್ಗುವುದು ಈ ಗುಳ್ಳೆಗಳೇ. ಕರಗಿದ ತುಪ್ಪ ಗಾಳಿಯನ್ನು ಹಿಡಿಯಲಾರದು. ಬೇಸಿಗೆಯಲ್ಲಿ ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು, ಬೆರಳಲ್ಲಿ ಸವರಿದರೆ ಹರಡುವಷ್ಟು ಗಟ್ಟಿಯಾದ ಮೇಲೆ ಸಕ್ಕರೆ ಸೇರಿಸಿ, ಬಣ್ಣ ತಿಳಿಯಾಗುವ ತನಕ ನಾದಬೇಕು. ಎಣ್ಣೆಗೆ ಈ ಉಪಾಯವೂ ನಡೆಯದು. ಅಲ್ಲಿ ಗಾಳಿ ಹಿಡಿಯುವ ಕೆಲಸವನ್ನು ಮೊಟ್ಟೆಗೆ ಒಪ್ಪಿಸಬೇಕು: ಮೊಟ್ಟೆ, ಸಕ್ಕರೆಯನ್ನು ಚೆನ್ನಾಗಿ ಕಡೆದು, ಎತ್ತಿದರೆ ದಪ್ಪ ಪಟ್ಟಿಯಂತೆ ಬೀಳುವ ಹದಕ್ಕೆ ಬಂದಾಗ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬೇಕು.

ರುಚಿಯಲ್ಲಿ ಮಾತ್ರ ಎಣ್ಣೆ ಬಡವ. ಆದರೆ ಅದು ತಣ್ಣಗಾದರೂ ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಕೇಕು ಮರುದಿನವೂ ಮೆತ್ತಗಿರುತ್ತದೆ. ತುಪ್ಪದ ಕೇಕನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ಗಂಟೆಯಾದರೂ ಹೊರಗಿಡಬೇಕು. ನನಗೆ ಹಿಡಿಸಿದ್ದು ಮುಕ್ಕಾಲು ಪಾಲು ಸೂರ್ಯಕಾಂತಿ ಎಣ್ಣೆ, ಕಾಲು ಪಾಲು ತುಪ್ಪ. ಬರೀ ತುಪ್ಪವಾದರೆ ಅದರ ಘಮದ ಮುಂದೆ ವೆನಿಲಾ ಸೋಲುತ್ತದೆ, ಏಲಕ್ಕಿಯೇ ಸರಿ.

ಬಿಸ್ಕತ್ತಿನಲ್ಲಿ ನೀರಿಲ್ಲದಿರುವುದೇ ಗುಣ. ನೀರು ತಾಗಿದರೆ ಮೈದಾದಲ್ಲಿ ಅಂಟು ಬೆಳೆಯುತ್ತದೆ. ತುಪ್ಪದ ನಾನ್‌ಖಟಾಯಿ ಬಾಯಲ್ಲಿ ಪುಡಿಪುಡಿಯಾಗುವುದು ಆ ಅಂಟು ಕಡಿಮೆಯಿರುವುದರಿಂದ. ಅಲ್ಲಿ ಹಾಲು ಸೇರಿಸುವ ಗೋಜು ಬೇಡ. ಪದರ ಪದರವಾದ ಪಫ್‌ನಲ್ಲಿ ಮಾತ್ರ ಎಣ್ಣೆ ನಡೆಯುವುದಿಲ್ಲ. ಗಟ್ಟಿ ಕೊಬ್ಬು ಹಿಟ್ಟಿನ ಪದರಗಳನ್ನು ಬೇರೆಯಾಗಿಟ್ಟರೆ ತಾನೇ ಹಬೆ ಅವನ್ನು ಎತ್ತುವುದು? ಎಣ್ಣೆಯಾದರೆ ಹಿಟ್ಟಿನೊಳಗೇ ಇಂಗಿಬಿಡುತ್ತದೆ.