ಹನ್ನೊಂದೂವರೆಗೆ ಯಾರು ಎಲ್ಲಿರಬೇಕು?

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆ ಎಂದುಕೊಳ್ಳಿ. ಐಎಸ್‌ಒ 9001 ಪ್ರಮಾಣಪತ್ರಕ್ಕಾಗಿ ಹೊರಗಿನ ಸಂಸ್ಥೆಯಿಂದ ಇಬ್ಬರು ಆಡಿಟರ್‌ಗಳು ಬರುತ್ತಾರೆ. ಅವರ ತಂಡದ ಮುಖ್ಯಸ್ಥರು ಮುಂಚಿತವಾಗಿ ಕಳಿಸುವ ವೇಳಾಪಟ್ಟಿಯನ್ನು ಕಾರ್ಖಾನೆಯವರು ಸುಮ್ಮನೆ ಒಪ್ಪಿಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಒಂಬತ್ತೂವರೆಗೆ ಆರಂಭಿಕ ಸಭೆ. ಹತ್ತಕ್ಕೆ ಮಾಲೀಕರ ಜೊತೆ ಮಾತುಕತೆ. ಗುಣಮಟ್ಟದ ಗುರಿಗಳೇನು ಎಂಬ ಪ್ರಶ್ನೆಗೆ ಅವರೇ ಉತ್ತರಿಸಬೇಕು, ಮ್ಯಾನೇಜರ್ ಅಲ್ಲ. ಹನ್ನೊಂದೂವರೆಗೆ ಒಬ್ಬ ಆಡಿಟರ್ ಸ್ಟೋರ್ಸ್‌ಗೆ, ಇನ್ನೊಬ್ಬರು ಶಾಪ್ ಫ್ಲೋರ್‌ಗೆ. ಎರಡೂ ಕಡೆ 'ಹಾಜರಿರಬೇಕಾದವರು' ಎಂಬ ಅಂಕಣದಲ್ಲಿ ಅದೇ ಕ್ವಾಲಿಟಿ ಇನ್‌ಸ್ಪೆಕ್ಟರ್! ಸಣ್ಣ ಕಾರ್ಖಾನೆಯಲ್ಲಿ ಬಂದ ಕಚ್ಚಾ ಮಾಲನ್ನು ಪರೀಕ್ಷಿಸುವವರೂ ತಯಾರಾದ ಭಾಗವನ್ನು ಅಳೆಯುವವರೂ ಒಬ್ಬರೇ ತಾನೆ? ಪಟ್ಟಿಯನ್ನು ಹೆಸರಿನ ಪ್ರಕಾರ ಓದಿದರೆ ಈ ತೊಡಕು ಕೂಡಲೇ ಕಾಣುತ್ತದೆ. ಸ್ಟೋರ್ಸ್ ಅನ್ನು ಎರಡು ಗಂಟೆಗೆ ತಳ್ಳಿ, ಆ ಜಾಗಕ್ಕೆ ಖರೀದಿ ವಿಭಾಗವನ್ನು ತಂದರೆ ಸರಿಹೋಗುತ್ತದೆ. ಬದಲಾವಣೆಯನ್ನು ಆಡಿಟ್‌ಗೆ ಮೊದಲೇ ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಇನ್ನೊಂದು, ಶಾಪ್ ಫ್ಲೋರ್‌ನ ಸಮಯ ಊಟದ ವಿರಾಮಕ್ಕೆ ಬೀಳಬಾರದು. ನಿಂತ ಯಂತ್ರದ ಮುಂದೆ ಆಡಿಟರ್‌ಗೆ ನೋಡಲು ಏನೂ ಇರುವುದಿಲ್ಲ. ಆಪರೇಟರ್ ಕೈಯಲ್ಲಿರುವ ಡ್ರಾಯಿಂಗ್ ಇತ್ತೀಚಿನದೇ, ಮೈಕ್ರೋಮೀಟರ್ ಮೇಲಿನ ಕ್ಯಾಲಿಬ್ರೇಷನ್ ಚೀಟಿಯ ಗಡುವು ಮುಗಿದಿಲ್ಲವೇ ಎಂಬುದನ್ನು ಅವರು ಕೆಲಸ ನಡೆಯುವಾಗಲೇ ನೋಡುತ್ತಾರೆ. ಸೂಪರ್‌ವೈಸರ್ ಪಕ್ಕದಲ್ಲಿ ನಿಂತು ಆಪರೇಟರ್ ಪರವಾಗಿ ಉತ್ತರಿಸಿದರೆ ಅನುಮಾನ ಹೆಚ್ಚುತ್ತದೆ. ರಜೆಯಲ್ಲಿರುವವರ ಬದಲಿಗೆ ಬರುವವರಿಗೆ ಆ ಕೆಲಸ, ಅದರ ದಾಖಲೆ ಎರಡೂ ಗೊತ್ತಿರಬೇಕು. ಬೀರುವಿನ ಬೀಗದ ಕೈಯೂ ಅವರ ಬಳಿಯೇ ಇರಲಿ.