ಬಳಸಿದ ಕಾರಿನ ಚಾಸಿಸ್ ಸಂಖ್ಯೆಯಿಂದ ತಯಾರಿಕಾ ವರ್ಷವನ್ನು ಪರಿಶೀಲಿಸುವ ವಿಧಾನ

ಹೊಸಪೇಟೆ, ಹಂಪಿ, ಸಂಡೂರು ಹಾಗೂ ಕಂಪ್ಲಿ ಭಾಗದಲ್ಲಿ ಬಳಸಿದ ಕಾರನ್ನು ಖರೀದಿಸುವ ಸಾರ್ವಜನಿಕರು ಹಣ ಪಾವತಿಸುವ ಮುನ್ನ ಚಾಸಿಸ್ ಸಂಖ್ಯೆಯನ್ನು ಪರಿಶೀಲಿಸುವುದು ಸೂಕ್ತ. ಕೆಎ-35 ಎಂಬ ಫಲಕವು ವಾಹನವು ಹೊಸಪೇಟೆ ಕಛೇರಿಯಲ್ಲಿ ನೋಂದಣಿಯಾಗಿದೆ ಎಂಬುದನ್ನಷ್ಟೇ ತಿಳಿಸುತ್ತದೆ, ತಯಾರಿಕಾ ವರ್ಷವನ್ನಲ್ಲ.

ಸಂಖ್ಯೆಯ ರಚನೆ
ಚಾಸಿಸ್ ಸಂಖ್ಯೆಯಲ್ಲಿ ಅಕ್ಷರ ಮತ್ತು ಅಂಕಿ ಸೇರಿ 17 ಸ್ಥಾನಗಳಿರುತ್ತವೆ. I, O, Q ಅಕ್ಷರಗಳನ್ನು ಬಳಸುವುದಿಲ್ಲ. ಮೊದಲ ಮೂರು ಸ್ಥಾನಗಳು ತಯಾರಕರನ್ನು ಸೂಚಿಸುತ್ತವೆ. MAL ಎಂದರೆ ಹುಂಡೈ, MA3 ಎಂದರೆ ಮಾರುತಿ ಸುಜುಕಿ. ಹಲವು ತಯಾರಕರು ಹತ್ತನೆಯ ಸ್ಥಾನದಲ್ಲಿ ವರ್ಷವನ್ನು ನಮೂದಿಸುತ್ತಾರೆ: A ಎಂದರೆ 2010, B ಎಂದರೆ 2011, C ಎಂದರೆ 2012.

ಉದಾಹರಣೆ
ಕಂಪ್ಲಿಯಲ್ಲಿ MAL ಎಂದು ಆರಂಭವಾಗುವ ಕಾರೊಂದನ್ನು ‘2013ರ ಮಾದರಿ’ ಎಂದು ಮಾರಾಟಕ್ಕಿಡಲಾಗಿದೆ ಎಂದು ಭಾವಿಸಿ. ನೋಂದಣಿಯಾದುದು ಜನವರಿ 2013ರಲ್ಲಿ. ಆದರೆ ಹತ್ತನೆಯ ಅಕ್ಷರ C. ನೋಂದಣಿ ಪ್ರಮಾಣಪತ್ರದ ತಯಾರಿಕೆಯ ಅಂಕಣದಲ್ಲಿ 11/2012 ಎಂದಿದ್ದಲ್ಲಿ, ಅದು 2012ರ ವಾಹನವೇ ಆಗಿರುತ್ತದೆ. 15 ವರ್ಷಗಳ ನೋಂದಣಿ ಅವಧಿಯು ನೋಂದಣಿಯಿಂದ ಎಣಿಕೆಯಾದರೂ, ಬೆಲೆಯನ್ನು 2012ಕ್ಕೆ ಅನುಗುಣವಾಗಿ ನಿಗದಿಪಡಿಸಿಕೊಳ್ಳಬೇಕು.

ಮಿತಿಗಳು
ಕೆಲವು ತಯಾರಕರು ಹತ್ತನೆಯ ಸ್ಥಾನದಲ್ಲಿ ವರ್ಷವನ್ನು ಸೂಚಿಸುವುದಿಲ್ಲ. ಅಂತಹ ಸಂದರ್ಭದಲ್ಲಿ ನಮೂನೆ 21ರ ಮಾರಾಟ ಪ್ರಮಾಣಪತ್ರದಲ್ಲಿರುವ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ನೋಡತಕ್ಕದ್ದು. ಕಾರು ಮೂಲ ಶ್ರೇಣಿಯದೋ ಉನ್ನತ ಶ್ರೇಣಿಯದೋ ಎಂಬುದು ಈ ಸಂಖ್ಯೆಯಿಂದಲೇ ಖಚಿತವಾಗುವುದಿಲ್ಲ. ತಯಾರಕರ ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸುವುದು.

ವಾಹನದ ಮೇಲೆ ಕೊರೆದ ಸಂಖ್ಯೆಯನ್ನು ಪ್ರಮಾಣಪತ್ರದೊಡನೆ ಅಕ್ಷರಶಃ ಹೋಲಿಸಿ ನೋಡುವುದು. ಸುತ್ತ ಬೆಸುಗೆ, ಉಜ್ಜಿದ ಗುರುತು ಅಥವಾ ಅಂಕಿಗಳ ಸಾಲಿನಲ್ಲಿ ಏರುಪೇರು ಕಂಡುಬಂದಲ್ಲಿ ಖರೀದಿಯನ್ನು ನಿಲ್ಲಿಸಿ, ನೋಂದಣಿ ಪ್ರಾಧಿಕಾರದ ಗಮನಕ್ಕೆ ತರುವುದು.